ಗಾಳಿಗೊಬ್ಬ ನೀರುಗಂಟಿ

ಜುಲೈ ತಿಂಗಳಲ್ಲಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಹೊರಗೆ 33 ಡಿಗ್ರಿ ಸೆಲ್ಸಿಯಸ್ ಬಿಸಿಲು. ಊಟದ ಕೋಣೆಯಲ್ಲಿ ಕೂತರೆ ಮೈಮೇಲೆ ಶಾಲು ಬೇಕೆನಿಸುವಷ್ಟು ಚಳಿ. ಮಹಡಿಯಲ್ಲಿ, ಗ್ಯಾರೇಜಿನ ಮೇಲಿನ ಕೋಣೆಯಲ್ಲಿ, ತಂಗಿಯ ಮಗಳು ಟೇಬಲ್ ಫ್ಯಾನ್ ಹಚ್ಚಿಕೊಂಡು ಬೆವರುತ್ತ ಓದುತ್ತಿದ್ದಳು. ಎರಡೂ ಕೋಣೆಗೆ ತಂಪು ಬರುವುದು ನೆಲಮಾಳಿಗೆಯಲ್ಲಿರುವ ಒಂದೇ ಯಂತ್ರದಿಂದ.

“ಅಣ್ಣ, ನೀನು ಇದೇ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವನು. ಇನ್ನೂ ದೊಡ್ಡ ಎಸಿ ಹಾಕಿಸಬೇಕು ಅಂತಿದ್ದಾರೆ ಇಲ್ಲಿಯವರು. ಹೌದಾ?” ಎಂದು ತಂಗಿ ಕೇಳಿದಳು.

ಬೆಂಗಳೂರಿನ ಕಚೇರಿ ಕಟ್ಟಡಗಳಲ್ಲಿ ಫಾಲ್ಸ್ ಸೀಲಿಂಗಿನ ಮೇಲೆ ತಲೆ ತೂರಿಸಿ ಗಾಳಿ ಅಳೆಯುವುದೇ ನನ್ನ ಕೆಲಸವಾಗಿತ್ತು. ಮನೆಗಳಲ್ಲಿ ಈ ಕೆಲಸ ನಮ್ಮ ಕಡೆ ಕಡಿಮೆ. ನಮ್ಮಲ್ಲಿ ಒಂದೊಂದು ಕೋಣೆಗೂ ಒಂದೊಂದು ಎಸಿ, ಒಂದೊಂದು ರಿಮೋಟ್. ಅಮೆರಿಕ, ಕೆನಡಾದ ಸಾಮಾನ್ಯ ಮನೆಯಲ್ಲಿ ಹಾಗಲ್ಲ. ಒಂದು ಯಂತ್ರ ಬೇಸಿಗೆಯಲ್ಲಿ ತಂಪು ಗಾಳಿಯನ್ನೂ ಚಳಿಗಾಲದಲ್ಲಿ ಬಿಸಿ ಗಾಳಿಯನ್ನೂ ತಗಡಿನ ಕೊಳವೆಗಳ ಮೂಲಕ ಇಡೀ ಮನೆಗೆ ಊದುತ್ತದೆ. ಆ ಕೊಳವೆಗಳೇ ಡಕ್ಟ್. ಯಂತ್ರಕ್ಕೆ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವ ಥರ್ಮೋಸ್ಟಾಟ್ ಮಾತ್ರ ಮನೆಗೆಲ್ಲ ಒಂದೇ. ತಂಗಿಯ ಮನೆಯಲ್ಲಿ ಅದು ಕೆಳಗಿನ ಹಜಾರದ ಗೋಡೆಯ ಮೇಲಿದೆ. ಹಜಾರ 24 ಡಿಗ್ರಿಗೆ ಇಳಿದ ಕೂಡಲೇ ಯಂತ್ರ ನಿಲ್ಲುತ್ತದೆ, ಮಹಡಿಯ ಮೇಲೆ ಯಾರು ಬೆವರುತ್ತಿದ್ದಾರೆಂಬುದು ಅದಕ್ಕೆ ತಿಳಿಯುವುದಿಲ್ಲ.

ದೊಡ್ಡ ಎಸಿ ಹಾಕಿಸಿದ್ದರೆ ಹಜಾರ ಇನ್ನೂ ಬೇಗ ತಂಪಾಗುತ್ತಿತ್ತು, ಯಂತ್ರ ಇನ್ನೂ ಬೇಗ ನಿಲ್ಲುತ್ತಿತ್ತು, ಮಗಳ ಕೋಣೆಯ ಕಷ್ಟ ಬಹುಶಃ ಹೆಚ್ಚೇ ಆಗುತ್ತಿತ್ತು. ಅಲ್ಲಿ ಕೊರತೆ ಇದ್ದದ್ದು ತಂಪಿನದಲ್ಲ, ಹಂಚಿಕೆಯದು.

ನಮ್ಮ ಕೆರೆ ಬಯಲಿನಲ್ಲಿ ಈ ತೊಂದರೆ ಎಲ್ಲರಿಗೂ ಗೊತ್ತು. ತೂಬಿನ ಹತ್ತಿರದ ಗದ್ದೆಗೆ ಮೊಣಕಾಲುದ್ದ ನೀರು, ಕಾಲುವೆಯ ಕೊನೆಯ ಗದ್ದೆಗೆ ಒದ್ದೆ ಮಣ್ಣು. ಅದಕ್ಕೇ ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ಕೆರೆಗೆ ಹೊಸ ನೀರು ತರುವುದು ಅವನ ಕೆಲಸವಲ್ಲ. ಹತ್ತಿರದ ಮಡೆಯನ್ನು ಅಷ್ಟಿಷ್ಟು ಕಟ್ಟಿ, ನೀರು ಕೊನೆಯವರೆಗೂ ಹೋಗುವಂತೆ ಮಾಡುತ್ತಿದ್ದ. ಡಕ್ಟಿನಲ್ಲಿ ಈ ಕೆಲಸ ಮಾಡುವುದು ಬ್ಯಾಲೆನ್ಸಿಂಗ್ ಡ್ಯಾಂಪರ್. ನಮ್ಮ ಬೆಂಗಳೂರಿನ ಸೈಟುಗಳಲ್ಲಿ ಇದಕ್ಕೆ ವಿಸಿಡಿ ಎನ್ನುತ್ತಾರೆ, ಅಂದರೆ ವಾಲ್ಯೂಮ್ ಕಂಟ್ರೋಲ್ ಡ್ಯಾಂಪರ್.

ನೋಡಲು ಅದು ತೀರ ಸರಳ. ದುಂಡು ಕೊಳವೆಯೊಳಗೆ, ಹೆಚ್ಚುಕಡಿಮೆ ಅದರ ಬಾಯಿಯಷ್ಟೇ ಅಗಲದ ಒಂದು ತಗಡಿನ ಬಿಲ್ಲೆ. ಬಿಲ್ಲೆಯ ನಡುವೆ ಒಂದು ಕಡ್ಡಿ ಹಾದು ಹೊರಗೆ ಬಂದಿರುತ್ತದೆ. ಕಡ್ಡಿಯ ತುದಿಗೆ ಒಂದು ಹಿಡಿ, ಹಿಡಿಯನ್ನು ಬಿಗಿಯಲು ರೆಕ್ಕೆಯ ನಟ್. ಹಿಡಿ ಕೊಳವೆಯ ಉದ್ದಕ್ಕೆ ಸಮವಾಗಿದ್ದರೆ ದಾರಿ ಪೂರ್ತಿ ತೆರೆದಿದೆ ಎಂದರ್ಥ, ಅಡ್ಡಕ್ಕಿದ್ದರೆ ಮುಚ್ಚಿದೆ ಎಂದರ್ಥ. ಆದರೆ ಹಿಡಿಯನ್ನು ಪೂರ್ತಿ ನಂಬಬಾರದು. ಹಳೆಯ ಮನೆಯಲ್ಲಿ ಅದು ಕಡ್ಡಿಯ ಮೇಲೆ ಜಾರಿರುತ್ತದೆ, ಇಲ್ಲವೇ ಯಾರೋ ಬಿಚ್ಚಿ ತಪ್ಪಾಗಿ ಸಿಕ್ಕಿಸಿರುತ್ತಾರೆ. ಅನೇಕ ಡ್ಯಾಂಪರ್‌ಗಳಲ್ಲಿ ಕಡ್ಡಿಯ ತುದಿಯಲ್ಲೇ ಸ್ಕ್ರೂಡ್ರೈವರ್ ಕೂರುವಂಥ ಒಂದು ಗೀರು ಇರುತ್ತದೆ. ಒಳಗಿನ ಬಿಲ್ಲೆ ಯಾವ ಕಡೆಗಿದೆಯೋ ಆ ಗೀರೂ ಅದೇ ಕಡೆಗಿರುತ್ತದೆ. ತಂಗಿಯ ಮನೆಯಲ್ಲಿ ಹನ್ನೆರಡು ಕವಲುಗಳು, ಹನ್ನೆರಡು ಹಿಡಿಗಳು. ಟಾರ್ಚ್ ಹಿಡಿದು ನೋಡಿದೆ. ಒಂದರ ಹಿಡಿ ಸುಳ್ಳು ಹೇಳುತ್ತಿತ್ತು, ಉಳಿದ ಹನ್ನೊಂದೂ ಪೂರ್ತಿ ತೆರೆದಿದ್ದವು. ಮನೆ ಕಟ್ಟಿದವರು ಡ್ಯಾಂಪರ್‌ಗಳನ್ನು ಕೂರಿಸಿ ಹೋಗಿದ್ದರು, ಆಮೇಲೆ ಯಾರೂ ಅವನ್ನು ಮುಟ್ಟಿರಲಿಲ್ಲ. ಇದು ತೀರ ಸಾಮಾನ್ಯ.

ಎಲ್ಲ ದಾರಿಯೂ ತೆರೆದಿದ್ದರೆ ಗಾಳಿ ಸುಲಭದ ದಾರಿಯಲ್ಲಿ ಹೆಚ್ಚು ಹೋಗುತ್ತದೆ. ಊಟದ ಕೋಣೆಯ ಕವಲು ಯಂತ್ರದ ಪಕ್ಕದಲ್ಲೇ ಹೊರಟು, ಒಂದೇ ತಿರುವಿನಲ್ಲಿ ನೆಲದ ಜಾಲರಿಗೆ ಬಂದುಬಿಡುತ್ತಿತ್ತು. ಮಗಳ ಕೋಣೆಯ ಕವಲು ಮೇನ್ ಡಕ್ಟಿನ ಕೊನೆಯಲ್ಲಿ ಹೊರಟು, ಗೋಡೆಯೊಳಗೆ ಮೇಲೇರಿ, ಗ್ಯಾರೇಜಿನ ಸೂರಿನೊಳಗೆ ಮೂರು ಸಲ ತಿರುಗಿ ಹೋಗುತ್ತಿತ್ತು. ಉದ್ದದ ಒಂದೊಂದು ಮೊಳವೂ ಒಂದೊಂದು ತಿರುವೂ ಗಾಳಿಯನ್ನು ತಡೆಯುತ್ತವೆ. ಎರಡೂ ಆರಿಂಚಿನ ಕೊಳವೆಗಳೇ ಆಗಿದ್ದರೂ ಒಂದರ ಗಾಳಿ ಇನ್ನೊಂದರ ಎರಡು ಪಟ್ಟಿತ್ತು.

ಮೊದಲ ಎರಡು ದಿನ ನಾನು ಒಂದು ಹಿಡಿಯನ್ನೂ ತಿರುಗಿಸಲಿಲ್ಲ. ಆರು ಅಗ್ಗದ ಡಿಜಿಟಲ್ ಥರ್ಮಾಮೀಟರ್ ತಂದು, ಒಂದು ರಾತ್ರಿ ಎಲ್ಲವನ್ನೂ ಒಂದೇ ಮೇಜಿನ ಮೇಲಿಟ್ಟೆ. ಬೆಳಿಗ್ಗೆ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಒಂದು ಡಿಗ್ರಿವರೆಗೆ ವ್ಯತ್ಯಾಸ. ಪ್ರತಿಯೊಂದರ ಬೆನ್ನಿಗೂ ಅದರ ತಪ್ಪನ್ನು ಬರೆದು ಅಂಟಿಸಿದೆ. ಈ ಹೆಜ್ಜೆಯನ್ನು ಬಿಟ್ಟವರು ಥರ್ಮಾಮೀಟರಿನ ತಪ್ಪನ್ನು ಕೋಣೆಯ ತಪ್ಪೆಂದು ತಿಳಿದು ಡ್ಯಾಂಪರ್ ತಿರುಗಿಸುತ್ತ ಕೂರುತ್ತಾರೆ. ಆಮೇಲೆ ಅವನ್ನು ಕೋಣೆಗೊಂದರಂತೆ, ಮಂಚದ ಎತ್ತರದಲ್ಲಿ, ಬಿಸಿಲು ಬೀಳದ ಮತ್ತು ಜಾಲರಿಯ ಗಾಳಿ ತಾಗದ ಜಾಗದಲ್ಲಿ ಇಟ್ಟೆ. ಸಂಜೆ ಐದರ ಲೆಕ್ಕ ಹೀಗಿತ್ತು: ನೆಲಮಾಳಿಗೆ 19, ಊಟದ ಕೋಣೆ 21.5, ಹಜಾರ 24, ತಂಗಿ ಮತ್ತು ಭಾವನವರ ಕೋಣೆ 27, ಮಗಳ ಕೋಣೆ 28.

ಮುಂದಿನ ಕೆಲಸ ಗಾಳಿಯನ್ನು ಅಳೆಯುವುದು. ಅಲ್ಲಿನ ಒಬ್ಬ ಮೆಕ್ಯಾನಿಕ್ ಎರಡು ದಿನಕ್ಕೆ ಫ್ಲೋ ಹುಡ್ ಕೊಟ್ಟ. ಬಟ್ಟೆಯ ದೊಡ್ಡ ಆಲಿಕೆಯಂಥ ಸಾಧನ ಅದು. ಜಾಲರಿಯ ಮೇಲೆ ಬೋರಲು ಹಾಕಿದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಬರುತ್ತಿದೆಯೆಂದು ತೋರಿಸುತ್ತದೆ. ಈ ಅಳತೆಗೆ ಸಿಎಫ್‌ಎಂ ಎನ್ನುತ್ತಾರೆ. 13 ಡಿಗ್ರಿಯ 100 ಸಿಎಫ್‌ಎಂ ಗಾಳಿ 24 ಡಿಗ್ರಿಯ ಕೋಣೆಗೆ ಬಂದರೆ, ಸುಮಾರು 630 ವ್ಯಾಟ್‌ನಷ್ಟು ಶಾಖವನ್ನು ಸತತವಾಗಿ ಎತ್ತಿಕೊಂಡು ಹೋಗುತ್ತದೆ. ಕೋಣೆಯ ಕಿಟಕಿ, ಗೋಡೆ, ಸೂರು, ಒಳಗಿನ ಜನ ಎಲ್ಲ ಸೇರಿ ಎಷ್ಟು ಶಾಖ ತರುತ್ತವೆಂದು ಲೆಕ್ಕ ಹಾಕಿದರೆ ಆ ಕೋಣೆಗೆ ಸಲ್ಲಬೇಕಾದ ಗಾಳಿ ಎಷ್ಟೆಂದು ತಿಳಿಯುತ್ತದೆ. ಅಮೆರಿಕದಲ್ಲಿ ಈ ಲೆಕ್ಕಕ್ಕೆ ಮ್ಯಾನ್ಯುಯಲ್ ಜೆ ಎಂಬ ಕೈಪಿಡಿಯನ್ನು ಅನುಸರಿಸುತ್ತಾರೆ.

ಮಗಳ ಕೋಣೆಗೆ ಬೇಕಾದದ್ದು 110, ಬರುತ್ತಿದ್ದದ್ದು 55, ಅಂದರೆ ಅರ್ಧ ಪಾಲು. ತಂಗಿಯ ಕೋಣೆಗೆ 150 ಬೇಕು, 105 ಬರುತ್ತಿತ್ತು. ಊಟದ ಕೋಣೆಗೆ 60 ಸಾಕು, 115 ಸುರಿಯುತ್ತಿತ್ತು. ಬೇಸಿಗೆಯಲ್ಲಿ ತಾನಾಗಿಯೇ ತಂಪಾಗಿರುವ ನೆಲಮಾಳಿಗೆಗೆ, ಹಳೆಯ ಪೆಟ್ಟಿಗೆಗಳ ಹೊರತು ಯಾರೂ ವಾಸವಿಲ್ಲದ ಆ ಜಾಗಕ್ಕೆ, ಎರಡು ಕವಲು ಸೇರಿ 160 ಹೋಗುತ್ತಿತ್ತು.

ಇಲ್ಲಿಂದ ಮುಂದೆ ಅನುಸರಿಸುವ ಕ್ರಮ ಒಂದಿದೆ. ಯಾವ ಕೋಣೆಗೆ ತನ್ನ ಪಾಲಿನಲ್ಲಿ ಅತಿ ಕಡಿಮೆ ಸಿಗುತ್ತಿದೆಯೋ ಅದರ ಡ್ಯಾಂಪರನ್ನು ಮುಟ್ಟಬಾರದು, ಪೂರ್ತಿ ತೆರೆದೇ ಇಡಬೇಕು. ಪಾಲಿಗಿಂತ ಹೆಚ್ಚು ಪಡೆಯುವ ಕೋಣೆಗಳನ್ನು, ಅತಿ ಹೆಚ್ಚಿನದರಿಂದ ಶುರುಮಾಡಿ, ಒಂದೊಂದಾಗಿ ಹಿಡಿಯುತ್ತ ಬರಬೇಕು. ಒಂದನ್ನು ಹಿಡಿದಾಗ ಡಕ್ಟಿನೊಳಗೆ ಒತ್ತಡ ತುಸು ಏರಿ ಉಳಿದೆಲ್ಲ ಕೋಣೆಗಳ ಗಾಳಿಯೂ ಸ್ವಲ್ಪ ಸ್ವಲ್ಪ ಹೆಚ್ಚುತ್ತದೆ. ಆದ್ದರಿಂದ ಮೊದಲು ಸರಿಮಾಡಿದ್ದು ಕೊನೆಗೆ ಮತ್ತೆ ತಪ್ಪಿರುತ್ತದೆ, ಇನ್ನೊಂದು ಸುತ್ತು ಬರಬೇಕಾಗುತ್ತದೆ. ಎಲ್ಲ ಕೋಣೆಗೂ ನೂರಕ್ಕೆ ನೂರು ಸಿಗಲೇಬೇಕೆಂಬ ಹಟ ಬೇಡ. ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸಿಕ್ಕರೆ ಸಾಕು. ಎಲ್ಲ ಕೋಣೆಗೂ ನೂರಕ್ಕೆ ತೊಂಬತ್ತೇ ಸಿಗುತ್ತಿದ್ದರೆ ಯಂತ್ರ ತುಸು ಹೆಚ್ಚು ಹೊತ್ತು ಓಡಿ ಆ ಕೊರತೆಯನ್ನು ತುಂಬುತ್ತದೆ. ಒಬ್ಬರಿಗೆ 190, ಇನ್ನೊಬ್ಬರಿಗೆ 50 ಆದರೆ ಅದನ್ನು ಯಾವ ಯಂತ್ರವೂ ತುಂಬಲಾರದು.

ನೆಲಮಾಳಿಗೆಯಿಂದ ಶುರುಮಾಡಿದೆ. ಅಲ್ಲಿನ ಎರಡು ಹಿಡಿಗಳನ್ನು ಬಹುಪಾಲು ಅಡ್ಡಕ್ಕೆ ತಿರುಗಿಸಿ 160ನ್ನು 40ಕ್ಕೆ ಇಳಿಸಿದೆ. ಪೂರ್ತಿ ಮುಚ್ಚಲಿಲ್ಲ, ಗಾಳಿಯಾಡದ ನೆಲಮಾಳಿಗೆಯಲ್ಲಿ ಬೇಸಿಗೆಯ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಉಳಿಸಿದ 120ರಲ್ಲಿ ಮಗಳ ಕೋಣೆಗೆ ಸೇರಿದ್ದು ಬರೀ 8. ಭಾವನವರ ಮುಖ ಸಪ್ಪಗಾಯಿತು. ಉಳಿತಾಯ ಹತ್ತು ಕವಲುಗಳಿಗೆ ಹಂಚಿಹೋಗುವುದರಿಂದ ಹೀಗೇ ಆಗುವುದು. ಕೊನೆಯ ಗದ್ದೆಗೆ ನೀರು ಮುಟ್ಟಬೇಕಾದರೆ ನಡುವಿನ ಮಡೆಗಳನ್ನೆಲ್ಲ ಹಿಡಿಯಬೇಕು.

ಊಟದ ಕೋಣೆಯ ಡ್ಯಾಂಪರ್ ಹತ್ತಿರ ಭಾವನವರನ್ನೇ ನಿಲ್ಲಿಸಿ, ನಾನು ಮೇಲೆ ಹುಡ್ ಹಿಡಿದು ಕೂತೆ. ಇಲ್ಲಿ ನಡೆದದ್ದನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ಸ್ವಂತ ಕೈಯಿಂದ ಡ್ಯಾಂಪರ್ ತಿರುಗಿಸುವವರು ಮೋಸಹೋಗುವುದು ಇಲ್ಲೇ. ಪೂರ್ತಿ ತೆರೆದಾಗ 115 ಇತ್ತು. ಹಿಡಿಯನ್ನು 20 ಡಿಗ್ರಿ ತಿರುಗಿಸಿದಾಗ 103 ಆಯಿತು. “ಏನೂ ಆಗ್ತಿಲ್ಲವಲ್ಲ ಭಾವ!” ಎಂದು ಕೆಳಗಿನಿಂದ ಕೂಗಿದರು. ಇನ್ನೂ 20 ಡಿಗ್ರಿ ತಿರುಗಿಸಲು ಹೇಳಿದೆ. 65ಕ್ಕೆ ಇಳಿಯಿತು. ಪರೀಕ್ಷೆಗೆಂದು ಇನ್ನೂ 20 ತಿರುಗಿಸಿದಾಗ 25. ಅಲ್ಲಿಂದಾಚೆ ಅಡ್ಡ ಬರುವವರೆಗೂ ಹೆಚ್ಚಿನ ಬದಲಾವಣೆ ಇಲ್ಲ. ಬಿಲ್ಲೆಗೂ ಕೊಳವೆಗೂ ನಡುವೆ ಸಂದು ಇರುವುದರಿಂದ ಪೂರ್ತಿ ಮುಚ್ಚಿದರೂ ಸ್ವಲ್ಪ ಗಾಳಿ ಸೋರುತ್ತಲೇ ಇರುತ್ತದೆ.

ಕಾರಣ ಹೀಗಿದೆ. ಬಿಲ್ಲೆ ತುಸು ಓರೆಯಾದಾಗ ಅದರ ತಡೆ ಕೊಳವೆಯ ಉಳಿದ ತಡೆಗೆ ಹೋಲಿಸಿದರೆ ಲೆಕ್ಕಕ್ಕಿಲ್ಲದಷ್ಟು. ಓರೆ ಹೆಚ್ಚಿದಂತೆ ಆ ತಡೆ ಹಲವು ಪಟ್ಟು ಬೆಳೆದು, ಒಂದು ಹಂತದಲ್ಲಿ ಕೊಳವೆಯ ತಡೆಯನ್ನೇ ಮೀರಿಸುತ್ತದೆ. ಹಾಗಾಗಿ ನಿಜವಾದ ಕೆಲಸವೆಲ್ಲ 20ರಿಂದ 50 ಡಿಗ್ರಿಯ ನಡುವೆ ನಡೆಯುತ್ತದೆ. ಅಲ್ಲಿ ಬೆರಳಗಲ ತಿರುಗಿಸಿದರೂ ಫಲ ಕಾಣುತ್ತದೆ, ಅದರಾಚೆ ಈಚೆ ತಿರುಗಿಸಿದ್ದು ವ್ಯರ್ಥ. ಹಿಡಿಯನ್ನು 40ರ ಹತ್ತಿರ ತಂದು ನಿಲ್ಲಿಸಿದೆ.

ಹಜಾರದ ಕವಲನ್ನು ಸ್ವಲ್ಪ ಹಿಡಿದದ್ದಕ್ಕೆ ಮಾತ್ರ ಬೇರೆ ಕಾರಣವಿತ್ತು. ಥರ್ಮೋಸ್ಟಾಟ್ ಇರುವ ಜಾಗಕ್ಕೆ ಗಾಳಿ ಕಡಿಮೆ ಕೊಟ್ಟರೆ ಅಲ್ಲಿ 24ಕ್ಕೆ ಇಳಿಯುವುದು ನಿಧಾನವಾಗುತ್ತದೆ, ಯಂತ್ರ ಹೆಚ್ಚು ಹೊತ್ತು ಓಡುತ್ತದೆ. ಆ ಹೆಚ್ಚಿನ ಹೊತ್ತೆಲ್ಲ ಮಹಡಿಗೆ ತಂಪು ಸಲ್ಲುತ್ತದೆ. ಮಹಡಿ ಬಿಸಿಯಾಗಿರುವ ಮನೆಗಳಲ್ಲಿ ಇದೊಂದು ಕವಲೇ ಎಷ್ಟೋ ತೊಂದರೆಯನ್ನು ಕಡಿಮೆ ಮಾಡುವುದನ್ನು ನೋಡಿದ್ದೇನೆ.

ಪ್ರತಿ ಸುತ್ತಿನ ನಂತರ ಒಂದು ದಿನ ಬಿಟ್ಟೆ. ಗಾಳಿ ತಕ್ಷಣ ಬದಲಾದರೂ ಗೋಡೆ, ಹಾಸಿಗೆ, ಮರದ ಸಾಮಾನು ತಮ್ಮ ಬಿಸಿಯನ್ನು ಗಂಟೆಗಟ್ಟಲೆ ಬಿಟ್ಟುಕೊಡುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಥರ್ಮಾಮೀಟರ್ ನೋಡಿ ಹಿಡಿ ತಿರುಗಿಸಿದರೆ ತಪ್ಪು ದಾರಿ ಹಿಡಿದ ಹಾಗೆಯೇ. ಹೊರಗಿನ ಬಿಸಿಲೂ ಮೊದಲಿನಷ್ಟೇ ಇರುವ ದಿನ ನೋಡಿ ಅಳೆಯಬೇಕು. ಮೋಡ ಕವಿದ ದಿನ ಎಲ್ಲ ಮನೆಯೂ ಸಮವಾಗಿಯೇ ತೋರುತ್ತದೆ.

ಮೂರು ಸುತ್ತು ಮುಗಿಯುವ ಹೊತ್ತಿಗೆ ಊಟದ ಕೋಣೆ 23.5 ಆಗಿತ್ತು, ತಂಗಿಯ ಕೋಣೆಗೆ 135 ಸಿಎಫ್‌ಎಂ ಬಂದು ಅದು 25ಕ್ಕೆ ಇಳಿದಿತ್ತು. ಮಗಳ ಕೋಣೆಯ ಗಾಳಿ 55ರಿಂದ 80ಕ್ಕೆ ಏರಿ ನಿಂತುಬಿಟ್ಟಿತು. ಎಲ್ಲರಿಗೂ ನೂರಕ್ಕೆ ತೊಂಬತ್ತು ಸಿಗುವಾಗ ಅವಳಿಗೆ ಇನ್ನೂ ಎಪ್ಪತ್ತರ ಆಸುಪಾಸು. ಉಳಿದವರನ್ನು ಇನ್ನಷ್ಟು ಬಿಗಿಯುವ ಆಸೆ ಇಲ್ಲಿ ಬರುತ್ತದೆ. ಅದನ್ನು ತಡೆದುಕೊಳ್ಳಬೇಕು.

ಏಕೆಂದರೆ ಡ್ಯಾಂಪರ್ ಯಾವಾಗಲೂ ತಡೆಯೊಡ್ಡುವ ವಸ್ತು, ಗಾಳಿಯನ್ನು ನೂಕುವ ಶಕ್ತಿ ಅದಕ್ಕಿಲ್ಲ. ಎಷ್ಟು ಬಿಗಿದರೆ ಅಷ್ಟು ಫ್ಯಾನಿಗೆ ಭಾರ. ಅಂಥ ಮನೆಯ ಎಸಿಗೆ ಟನ್ನಿಗೆ ಸುಮಾರು 400 ಸಿಎಫ್‌ಎಂ ಗಾಳಿ ಹಾಯಬೇಕೆಂಬುದು ರೂಢಿಯ ಅಂದಾಜು. 350ಕ್ಕಿಂತ ಕೆಳಗಿಳಿದರೆ ನಾನು ಹುಷಾರಾಗುತ್ತೇನೆ. ಗಾಳಿ ತೀರ ಕಡಿಮೆಯಾದರೆ ತಂಪಿನ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಚಳಿಗಾಲದಲ್ಲಾದರೆ ಕುಲುಮೆ ಮಿತಿ ಮೀರಿ ಕಾದು ಅದರ ಸುರಕ್ಷತಾ ಸ್ವಿಚ್ ಬೆಂಕಿಯನ್ನು ಆರಿಸುತ್ತದೆ. ಜಾಲರಿಗಳಲ್ಲಿ ಸಿಳ್ಳೆಯಂಥ ಸದ್ದು ಶುರುವಾದರೆ, ಯಂತ್ರ ಆಗಾಗ ನಿಂತು ಓಡತೊಡಗಿದರೆ, ಅತಿಯಾಗಿ ಬಿಗಿದಿದ್ದೇವೆಂದು ತಿಳಿಯಬೇಕು. ತಂಗಿಯ ಮನೆಯದು ಮೂರು ಟನ್ನಿನ ಯಂತ್ರ. ಒಟ್ಟು ಗಾಳಿ 1110ರಿಂದ 1080ಕ್ಕೆ ಇಳಿದಿತ್ತು. ಟನ್ನಿಗೆ 360. ಅಲ್ಲಿಗೆ ನಿಲ್ಲಿಸಿದೆ.

ಇದೇ ಕಾರಣಕ್ಕೆ ಬಳಸದ ಕೋಣೆಗಳ ಜಾಲರಿಯನ್ನೆಲ್ಲ ಮುಚ್ಚಿ ಕರೆಂಟು ಉಳಿಸುವ ಉಪಾಯವೂ ಸರಿಯಲ್ಲ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ 2003ರಲ್ಲಿ ಇದನ್ನು ಪರಿಶೀಲಿಸಿದಾಗ, ಜಾಲರಿ ಮುಚ್ಚಿದರೆ ಡಕ್ಟಿನ ಒತ್ತಡ ಏರಿ ಸೋರಿಕೆ ಹೆಚ್ಚುವುದರಿಂದ ಉಳಿತಾಯ ಆಗುವುದಿಲ್ಲವೆಂದು ಕಂಡಿತು. ಜಾಲರಿಯ ಹಿಂದಿರುವ ಪಟ್ಟಿಗಳಿಂದ ಗಾಳಿ ಹಿಡಿಯುವುದರಲ್ಲಿ ಇನ್ನೊಂದು ತೊಂದರೆಯೂ ಇದೆ. ತಡೆ ಕೋಣೆಯ ಬಾಯಲ್ಲೇ ಇರುವುದರಿಂದ ಅದರ ಸದ್ದು ಕಿವಿಗೆ ಬಡಿಯುತ್ತದೆ. ಬ್ಯಾಲೆನ್ಸಿಂಗ್ ಡ್ಯಾಂಪರನ್ನು ಮೇನ್ ಡಕ್ಟಿನ ಬಳಿ, ಕವಲು ಹೊರಡುವಲ್ಲೇ ಇಡುವುದು ಇದಕ್ಕೇ. ಬೆಂಗಳೂರಿನ ಕಚೇರಿಗಳಲ್ಲಿ ತಲೆಯ ಮೇಲಿನ ಗಾಳಿ ತಾಳಲಾರದೆ ಡಿಫ್ಯೂಸರಿಗೆ ರಟ್ಟು ಅಂಟಿಸುವವರನ್ನು ಎಷ್ಟೋ ಸಲ ಕಂಡಿದ್ದೇನೆ. ಅವರ ಚಳಿ ನಿಜ. ಆದರೆ ಆ ಗಾಳಿ ಪಕ್ಕದ ಮೇಜಿನವರ ತಲೆಯ ಮೇಲೆ ಬೀಳುತ್ತದೆ, ಮರುವಾರ ಅಲ್ಲೂ ಒಂದು ರಟ್ಟು. ಹಾಗೆ ಮೂರ್ನಾಲ್ಕು ರಟ್ಟು ಕಂಡರೆ ಮೇಲಿರುವ ವಿಸಿಡಿಗಳನ್ನು ಯಾರೂ ಸರಿಹೊಂದಿಸಿಲ್ಲವೆಂದೇ ಲೆಕ್ಕ.

ಮಗಳ ಕೋಣೆಗೆ ಉಳಿದ ಗಾಳಿ ಎಲ್ಲಿ ಹೋಗುತ್ತಿದೆ? ಗ್ಯಾರೇಜಿನ ಸೂರಿನಲ್ಲಿ ಕೊಳವೆಯ ಜೋಡಣೆಗಳ ಮೇಲೆ ಕೈಯಾಡಿಸಿದೆ. ಎರಡು ಕಡೆ ತಣ್ಣನೆಯ ಗಾಳಿ ಬೆರಳಿಗೆ ತಾಗಿತು. ಹಿಂದೆ ಯಾರೋ ಸುತ್ತಿದ ಬಟ್ಟೆಯ ಟೇಪು ಒಣಗಿ ಎದ್ದು ಬಂದಿತ್ತು. ಹೆಸರೇ ಡಕ್ಟ್ ಟೇಪ್ ಆದರೂ ಬಿಸಿ ತಂಪು ತಾಗುವ ಡಕ್ಟಿನ ಮೇಲೆ ಅದು ಬಾಳುವುದಿಲ್ಲ. ಆ ಜೋಡಣೆಗಳಿಗೆ ಮ್ಯಾಸ್ಟಿಕ್ ಎಂಬ ಗಟ್ಟಿ ಲೇಪವನ್ನು ಕುಂಚದಿಂದ ಮೆತ್ತಿದೆವು. ಒಣಗಿದ ಮೇಲೆ ಅಳೆದರೆ 98. ಸೋರುವ ಕೊಳವೆಯನ್ನು ಮೊದಲು ಮುಚ್ಚಿ ಆಮೇಲೆ ಡ್ಯಾಂಪರ್ ತಿರುಗಿಸಿದ್ದರೆ ನನಗೆ ಒಂದು ಸುತ್ತು ಉಳಿಯುತ್ತಿತ್ತು. ಈಗ ಮತ್ತೊಮ್ಮೆ ಎಲ್ಲವನ್ನೂ ಅಳೆದು ತುಸು ತುಸು ತಿದ್ದಬೇಕಾಯಿತು.

“ಮಾಮ, ಹಗಲು ಚೆನ್ನಾಗಿದೆ, ರಾತ್ರಿ ಮತ್ತೆ ಸೆಕೆ,” ಎಂದಳು ಮಗಳು ಮರುದಿನ. ಅವಳು ರಾತ್ರಿ ಬಾಗಿಲು ಹಾಕಿಕೊಂಡು ಮಲಗುತ್ತಾಳೆ. ಕೋಣೆಗೆ ಗಾಳಿ ಬರುವ ಜಾಲರಿ ಇತ್ತು, ಹಿಂದಿರುಗಿ ಹೋಗುವ ಜಾಲರಿ ಇರಲಿಲ್ಲ, ಅದು ಹೊರಗಿನ ಓಣಿಯಲ್ಲಿತ್ತು. ಬಾಗಿಲು ಹಾಕಿದಾಗ ಕೋಣೆ ಊದಿದ ಬಲೂನಿನಂತಾಗಿ ಹೊಸ ಗಾಳಿಯನ್ನು ಒಳಗೆ ಬಿಡುತ್ತಿರಲಿಲ್ಲ. ಬಾಗಿಲನ್ನು ಒಂದು ಬೆರಳು ಸಂದು ಬಿಟ್ಟು ತೆರೆದು, ಕಾಗದದ ಚೂರೊಂದನ್ನು ಆ ಸಂದಿಗೆ ಹಿಡಿದರೆ ಅದು ಜೋರಾಗಿ ಹೊರಕ್ಕೆ ಹಾರುತ್ತಿತ್ತು. ದಪ್ಪ ಕಾರ್ಪೆಟ್ ಹಾಸಿದ ಮೇಲೆ ಬಾಗಿಲಿನ ಕೆಳಗೆ ಸಂದೇ ಉಳಿದಿರಲಿಲ್ಲ. ಇದನ್ನು ಡ್ಯಾಂಪರಿನಿಂದ ಸರಿಮಾಡಲು ಬರುವುದಿಲ್ಲ. ಬಡಗಿಯನ್ನು ಕರೆಸಿ ಬಾಗಿಲಿನ ಮೇಲಿನ ಗೋಡೆಯಲ್ಲಿ, ಓಣಿಗೆ ಗಾಳಿ ದಾಟುವಂತೆ ಜಾಲರಿಯೊಂದನ್ನು ಕೂರಿಸಿದ ಮೇಲೆ ರಾತ್ರಿಯ ಸೆಕೆ ಹೋಯಿತು. ಸಂಜೆ ಐದಕ್ಕೆ ಮಗಳ ಕೋಣೆ ಈಗ 25. ಪಶ್ಚಿಮದ ಕಿಟಕಿಯ ಬಿಸಿಲಿನಿಂದ ಉಳಿದ ಆ ಒಂದು ಡಿಗ್ರಿ ಹಾಗೇ ಉಳಿಯಿತು. ಬೆಳಿಗ್ಗೆ ತಂಪಾಗಿದ್ದು ಸಂಜೆ ಮಾತ್ರ ಕಾಯುವ ಕೋಣೆಗೆ ಒಂದೇ ಕಡೆ ಬಿಗಿದಿಟ್ಟ ಡ್ಯಾಂಪರ್ ಹೊತ್ತಿಗೆ ತಕ್ಕಂತೆ ನೆರವಾಗಲಾರದು. ಅದಕ್ಕೆ ದಪ್ಪ ಪರದೆಯೇ ಮದ್ದು, ಇಲ್ಲವೇ ಮೋಟಾರಿನಿಂದ ತಾನಾಗಿ ತಿರುಗುವ, ಬಹಳ ದುಬಾರಿಯಾದ ಬೇರೆ ಬಗೆಯ ಡ್ಯಾಂಪರ್ ಬೇಕು.

ಹೊರಡುವ ಮುನ್ನ ಮಾರ್ಕರ್ ಪೆನ್ನಿನಿಂದ ಪ್ರತಿ ಕೊಳವೆಯ ಮೇಲೂ ಹಿಡಿಯ ನೇರಕ್ಕೆ ಒಂದು ಗೆರೆ ಎಳೆದು ‘ಬೇ’ ಎಂದು ಬರೆದೆ, ಬೇಸಿಗೆಗೆ. ರೆಕ್ಕೆಯ ನಟ್‌ಗಳನ್ನು ಬಿಗಿದೆ. ಸಡಿಲವಿದ್ದರೆ ಬಿಲ್ಲೆ ಅಲ್ಲಾಡಿ ಕಟಕಟ ಎನ್ನುತ್ತದೆ, ನಿಧಾನವಾಗಿ ತನ್ನ ಜಾಗವನ್ನೂ ಬಿಡುತ್ತದೆ. ಚಳಿಗಾಲದ ಲೆಕ್ಕ ತಿರುವುಮುರುವು. ಬಿಸಿ ಗಾಳಿ ತಾನೇ ಮೇಲೇರುವುದರಿಂದ ಆಗ ಮಹಡಿಯನ್ನು ತುಸು ಹಿಡಿದು ಕೆಳಗಿನವನ್ನು ಬಿಡಬೇಕು, ನೆಲಮಾಳಿಗೆಯನ್ನೂ ತೆರೆಯಬೇಕು. ಗ್ಯಾರೇಜಿನ ಮೇಲಿನ ಕೋಣೆ ಮಾತ್ರ ಎರಡೂ ಕಾಲದಲ್ಲಿ ಪೂರ್ತಿ ತೆರೆದೇ ಇರಬೇಕು, ಅದರ ನೆಲದ ಕೆಳಗೆ ಕಾಯಿಸದ ಗ್ಯಾರೇಜಿದೆ.

ನವೆಂಬರಿನಲ್ಲಿ ಭಾವನವರು ವಿಡಿಯೊ ಕರೆ ಮಾಡಿ, ಫೋನನ್ನು ನೆಲಮಾಳಿಗೆಯ ಕಂಬಕ್ಕೆ ಒರಗಿಸಿ, ಒಂದೊಂದೇ ಹಿಡಿಯನ್ನು ತಿರುಗಿಸುತ್ತ ಹೋದರು. ಮೂರು ವಾರಾಂತ್ಯ ಹಿಡಿಯಿತು. ಈಗ ಪ್ರತಿ ಕೊಳವೆಯ ಮೇಲೆ ಎರಡನೆಯ ಗೆರೆಯಿದೆ, ಅದರ ಪಕ್ಕ ಅವರದೇ ಕೈಬರಹದಲ್ಲಿ ‘ಚ’.